ಸಣ್ಣ ರಿಪೇರಿ ಸರ್ವಿಸ್‌ಗೆ ವೆಬ್‌ಸೈಟ್ ಸಾಕಾ, ಆ್ಯಪ್ ಬೇಕಾ? ಮೂರು ವರ್ಷ ಬಳಸಿದ ಮೇಲಿನ ವಿಮರ್ಶೆ

ನಮ್ಮದು ಮನೆಗೇ ಹೋಗಿ ವಾಷಿಂಗ್ ಮಷಿನ್, ಫ್ರಿಜ್ ರಿಪೇರಿ ಮಾಡಿಕೊಡುವ ಸಣ್ಣ ಸರ್ವಿಸ್. ಟೆಕ್ನಿಷಿಯನ್‌ಗಳು ಐದು ಜನ, ಫೋನ್ ಎತ್ತುವುದು ನಾನು. ವೆಬ್‌ಸೈಟ್ ಮತ್ತು ಆಂಡ್ರಾಯ್ಡ್ ಆ್ಯಪ್ ಎರಡೂ ಇರುವ ಒಂದು ಪ್ಯಾಕೇಜ್ ತೆಗೆದುಕೊಂಡಿದ್ದೆವು. ಈಗ ಮೂರು ವರ್ಷ ಆಗಿದೆ. ವೆಬ್‌ಸೈಟ್ ಇವತ್ತಿಗೂ ಕೆಲಸ ತಂದುಕೊಡುತ್ತಿದೆ. ಆ್ಯಪ್‌ಗೆ ಎರಡನೇ ವರ್ಷದ ಕೊನೆಯಲ್ಲಿ ದುಡ್ಡು ಹಾಕುವುದನ್ನು ನಿಲ್ಲಿಸಿದೆವು. ಎರಡನ್ನೂ ಒಟ್ಟಿಗೆ ನಡೆಸಿದ್ದರಿಂದ ಹೋಲಿಸಿ ನೋಡುವುದು ಸುಲಭವಾಯಿತು.

ನನ್ನ ಮಟ್ಟಿಗೆ ಇದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಅದೇ ಗ್ರಾಹಕರು ನಿಮ್ಮನ್ನು ಎಷ್ಟು ದಿನಕ್ಕೊಮ್ಮೆ ಕರೆಯುತ್ತಾರೆ? ನಮ್ಮ ಕೆಲಸದಲ್ಲಿ ಒಂದು ಮನೆಯಿಂದ ವರ್ಷಕ್ಕೊಂದು ಕರೆ ಬಂದರೆ ಜಾಸ್ತಿ. ಮಷಿನ್ ಕೆಟ್ಟ ದಿನ ಅವರಿಗೆ ನಮ್ಮ ಹೆಸರು ನೆನಪಿರುವುದಿಲ್ಲ. ಫೋನ್ ತೆಗೆದು 'ವಾಷಿಂಗ್ ಮಷಿನ್ ನೀರು ಹೊರಗೆ ಹೋಗ್ತಿಲ್ಲ' ಎಂದು ಹುಡುಕುತ್ತಾರೆ. ಹಾಗೆ ಹುಡುಕಿದಾಗ ಸಿಗುವುದು ವೆಬ್ ಪುಟ. ಪ್ಲೇ ಸ್ಟೋರ್‌ಗೆ ಹೋಗಿ ರಿಪೇರಿಯವರನ್ನು ಹುಡುಕುವವರು ತೀರಾ ಕಡಿಮೆ.

ಇದು ಗೊತ್ತಾದದ್ದು ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ನೋಡಿದಾಗ. ಜನ ಯಾವ ಪದಗಳನ್ನು ಹುಡುಕಿ ನಮ್ಮ ಸೈಟ್‌ಗೆ ಬಂದರು ಎಂದು ಅದರಲ್ಲಿ ಪುಕ್ಕಟೆಯಾಗಿ ಕಾಣುತ್ತದೆ. 'ರಿಪೇರಿ ಸರ್ವಿಸ್' ಎಂದು ಹುಡುಕಿದವರಿಗಿಂತ ತೊಂದರೆಯನ್ನೇ ಟೈಪ್ ಮಾಡಿದವರು ಜಾಸ್ತಿ ಇದ್ದರು. ಹಾಗಾಗಿ 'ನಮ್ಮ ಬಗ್ಗೆ' ಎಂಬ ಉದ್ದನೆಯ ಪುಟ ಕಿತ್ತುಹಾಕಿ, ಒಂದೊಂದು ತೊಂದರೆಗೆ ಒಂದೊಂದು ಪುಟ ಬರೆದೆವು. ನೀರು ಹೊರಹೋಗದ ಪುಟದಲ್ಲಿ ಮೊದಲು ಹೇಳುವುದೇ ಫಿಲ್ಟರ್ ಬಗ್ಗೆ. ಮುಂದಿನಿಂದ ಬಟ್ಟೆ ಹಾಕುವ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ಸಣ್ಣ ಮುಚ್ಚಳ ಇರುತ್ತದೆ. ಸ್ವಿಚ್ ಆಫ್ ಮಾಡಿ, ಕೆಳಗೆ ಒಂದು ತಟ್ಟೆ ಇಟ್ಟು ಅದನ್ನು ತಿರುಗಿಸಿ ತೆಗೆದರೆ ನಾಣ್ಯ, ಹೇರ್‌ಪಿನ್, ನೂಲಿನ ಉಂಡೆ ಸಿಗಬಹುದು. ಇದನ್ನೆಲ್ಲ ಹೇಳಿಕೊಟ್ಟರೆ ಕರೆ ಕಡಿಮೆಯಾಗುತ್ತದೆ ಎಂದು ನಮ್ಮ ಪಾಲುದಾರರು ಗೊಣಗಿದರು. ಆಗಿದ್ದು ಉಲ್ಟಾ. ಫಿಲ್ಟರ್ ತೊಳೆದರೂ ಸರಿಹೋಗದವರು ನೇರವಾಗಿ ನಮಗೇ ಫೋನ್ ಮಾಡುತ್ತಾರೆ. 'ಫಿಲ್ಟರ್ ನೋಡಿ ಆಯ್ತು, ಪಂಪ್ ಇರ್ಬೇಕು' ಎಂದು ಅವರೇ ಹೇಳುತ್ತಾರೆ. ಟೆಕ್ನಿಷಿಯನ್ ಹೊರಡುವಾಗಲೇ ಪಂಪ್ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾನೆ.

ಪ್ರತಿ ಪುಟದ ಕೆಳಗೂ ಕರೆ ಮಾಡುವ ಬಟನ್ ಇದೆ. ಅದು ಬರೀ ಒಂದು `tel:` ಲಿಂಕ್. ಒತ್ತಿದರೆ ನಂಬರ್ ಡಯಲ್‌ಗೆ ಬರುತ್ತದೆ, ಅಷ್ಟೇ. ಇಡೀ ಸೈಟ್‌ನಲ್ಲಿ ಅತಿ ಹೆಚ್ಚು ದುಡಿದದ್ದು ಇದೊಂದೇ ಸಾಲು.

ಆ್ಯಪ್‌ನಲ್ಲಿ ಇದೇ ಕೆಲಸಕ್ಕೆ ಎಷ್ಟು ಮೆಟ್ಟಿಲು ನೋಡಿ. ಇನ್‌ಸ್ಟಾಲ್ ಮಾಡಬೇಕು, ಫೋನ್ ನಂಬರ್ ಕೊಡಬೇಕು, ಓಟಿಪಿ ಹಾಕಬೇಕು, ವಿಳಾಸ ತುಂಬಬೇಕು, ಆಮೇಲೆ ಬುಕಿಂಗ್. ಬಾತ್‌ರೂಮಿನಲ್ಲಿ ನೀರು ನಿಂತಿರುವಾಗ ಯಾರಿಗೆ ಬೇಕು ಹೇಳಿ! ಆ್ಯಪ್‌ನ ಲೆಕ್ಕ ತೋರಿಸುವ ಗೂಗಲ್‌ನ ಪ್ಲೇ ಕನ್ಸೋಲ್‌ನಲ್ಲಿ ಒಟ್ಟು ಇನ್‌ಸ್ಟಾಲ್ ಸಂಖ್ಯೆ ಏರುತ್ತಾ ಹೋಗುತ್ತಿತ್ತು. ಮಾರಿದವರು ತೋರಿಸುತ್ತಿದ್ದದ್ದೂ ಅದನ್ನೇ. ನೀವು ನೋಡಬೇಕಾದದ್ದು, ಈಗ ಎಷ್ಟು ಫೋನ್‌ಗಳಲ್ಲಿ ಆ್ಯಪ್ ಉಳಿದಿದೆ ಎಂಬುದನ್ನು. ಕೆಲಸ ಮುಗಿದ ವಾರದಲ್ಲೇ ಬಹಳ ಜನ ಅಳಿಸಿಬಿಡುತ್ತಿದ್ದರು. ಉಳಿದವರಲ್ಲಿ ನಮ್ಮ ನೆಂಟರು, ನಮ್ಮ ಹುಡುಗರೇ ಜಾಸ್ತಿ.

ಇನ್ನು ಖರ್ಚು. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ಆಪಲ್‌ನಲ್ಲಿ ಪ್ರತಿ ವರ್ಷ 99 ಡಾಲರ್. ಆದರೆ ಕೈಕಚ್ಚುವುದು ಈ ಶುಲ್ಕ ಅಲ್ಲ, ಸುಮ್ನೆ ಇರಿಸಿಕೊಳ್ಳುವ ಖರ್ಚು. ಆ್ಯಪ್ ಹೊಸ ಆಂಡ್ರಾಯ್ಡ್‌ಗೆ ಹೊಂದಬೇಕು ಎಂದು ಗೂಗಲ್ ವರ್ಷ ವರ್ಷ ಗಡುವು ಕೊಡುತ್ತದೆ. ಅದನ್ನು ಮೀರಿ ಹಳತಾಗಿಬಿಟ್ಟರೆ, ಹೊಸ ಫೋನ್ ಕೊಂಡವರಿಗೆ ನಿಮ್ಮ ಆ್ಯಪ್ ಸ್ಟೋರ್‌ನಲ್ಲಿ ಸಿಗುವುದೇ ಇಲ್ಲ. ನೀವು ಒಂದು ಬಟನ್ ಕೂಡ ಬದಲಿಸದಿದ್ದರೂ ಡೆವಲಪರ್‌ಗೆ ದುಡ್ಡು ಕೊಡಬೇಕು. ಐಫೋನ್ ವಿಷಯ ಇನ್ನೂ ಕಷ್ಟ. ನಮ್ಮ ಆ್ಯಪ್ ಒಳಗಿದ್ದದ್ದು ಅದೇ ವೆಬ್‌ಸೈಟ್, ಮೇಲೊಂದು ಹೊದಿಕೆ. ಹೀಗೆ ಸೈಟ್ ಸುತ್ತಿಕೊಟ್ಟ ಆ್ಯಪ್‌ಗಳನ್ನು ಆಪಲ್ ತನ್ನ ನಿಯಮದ ಪ್ರಕಾರ ತಿರಸ್ಕರಿಸಬಹುದು. ಹಾಗಾಗಿ ಐಫೋನ್‌ಗೆ ನಾವು ಕೈಹಾಕಲೇ ಇಲ್ಲ.

ವೆಬ್‌ಸೈಟ್‌ಗೆ ತಲೆನೋವೇ ಇಲ್ಲ ಅಂತಲ್ಲ. ಬುಕಿಂಗ್ ಫಾರ್ಮ್ ನಮ್ಮನ್ನು ಚೆನ್ನಾಗಿ ಕಾಡಿಸಿತು. 'ಫಾರ್ಮ್ ತುಂಬಿ ಎರಡು ದಿನ ಆಯ್ತು, ಯಾರೂ ಫೋನ್ ಮಾಡ್ಲಿಲ್ಲ' ಎಂದು ಒಬ್ಬರು ಬೈದರು. ಮೇಲ್ ಬಂದೇ ಇರಲಿಲ್ಲ. ಸೈಟ್‌ನ ಅಡ್ಮಿನ್ ಭಾಗದಲ್ಲಿ ದಾಖಲಾದ ಫಾರ್ಮ್‌ಗಳನ್ನೂ ಇನ್‌ಬಾಕ್ಸ್ ಅನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಹೊಳೆಯಿತು. ಡೆವಲಪರ್ ಮೇಲ್ ಕಳಿಸಿದವರು ಯಾರು ಎಂದು ಹೇಳುವ `From` ಜಾಗದಲ್ಲಿ ಗ್ರಾಹಕರ ಮೇಲ್ ವಿಳಾಸವನ್ನೇ ಹಾಕಿದ್ದರು. ಅವರ ಹೆಸರಿನ ಮೇಲ್ ನಮ್ಮ ಸರ್ವರ್‌ನಿಂದ ಹೊರಟರೆ, ಮೇಲ್ ಕಂಪನಿಗಳಿಗೆ ಅದು ನಕಲಿಯಂತೆ ಕಾಣುತ್ತದೆ. ಕೆಲವು ಸ್ಪ್ಯಾಮ್‌ಗೆ ಹೋಗುತ್ತವೆ, ಕೆಲವು ತಲುಪುವುದೇ ಇಲ್ಲ. `From` ನಮ್ಮ ಡೊಮೇನ್‌ನ, ಅಂದರೆ ನಮ್ಮ ಸೈಟ್ ಹೆಸರಿನ ವಿಳಾಸ, ಉತ್ತರ ಹೋಗುವ `Reply-To` ಗ್ರಾಹಕರದ್ದು ಎಂದು ಬದಲಿಸಿ, ಮೇಲ್ ನಿಜವಾಗಿ ನಮ್ಮದೇ ಎಂದು ಮೇಲ್ ಕಂಪನಿಗಳಿಗೆ ತೋರಿಸುವ ಎಸ್‌ಪಿಎಫ್ ಮತ್ತು ಡಿಕೆಐಎಂ ಎಂಬ ದಾಖಲೆಗಳನ್ನು ಡೊಮೇನ್‌ಗೆ ಸೇರಿಸಿದ ಮೇಲೆ ಸರಿಹೋಯಿತು. ಈಗಲೂ ತಿಂಗಳಿಗೊಮ್ಮೆ ನಾನೇ ಒಂದು ಫಾರ್ಮ್ ತುಂಬಿ ಪರೀಕ್ಷೆ ಮಾಡುತ್ತೇನೆ.

ಹಾಗಾದರೆ ಆ್ಯಪ್ ಯಾರಿಗೂ ಬೇಡವಾ? ದಿನಾ ತೆರೆಯುವವರಿಗೆ ಬೇಕು. ನಮ್ಮಲ್ಲಿ ದಿನಾ ತೆರೆಯುವವರು ಟೆಕ್ನಿಷಿಯನ್‌ಗಳು. ಇವತ್ತಿನ ಮನೆಗಳ ಪಟ್ಟಿ, ವಿಳಾಸ, ಹಾಕಿದ ಬಿಡಿಭಾಗದ ಫೋಟೋ, ಇದೆಲ್ಲ ಅವರ ಕೈಯಲ್ಲಿರಬೇಕು. ಅದಕ್ಕೂ ಸ್ಟೋರ್ ಆ್ಯಪ್ ಮಾಡಿಸಲಿಲ್ಲ. ಸೈಟ್‌ನಲ್ಲೇ ಲಾಗಿನ್ ಇರುವ ಒಂದು ಭಾಗ ಮಾಡಿಸಿ, ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಟ್ಟೆವು. ಐಕಾನ್ ಒತ್ತಿದರೆ ಆ್ಯಪ್‌ನಂತೆಯೇ ತೆರೆದುಕೊಳ್ಳುತ್ತದೆ. ಹೊಸ ಕೆಲಸ ಬಂದರೆ ನೋಟಿಫಿಕೇಶನ್ ಕೂಡ ಬರುತ್ತದೆ. ಐಫೋನ್‌ನಲ್ಲಿ ಇದು ಐಓಎಸ್ 16.4ರಿಂದ ಸಾಧ್ಯ, ಅದೂ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡಿದ್ದರೆ ಮಾತ್ರ. ನೆಟ್‌ವರ್ಕ್ ಇಲ್ಲದ ನೆಲಮಾಳಿಗೆಯಲ್ಲಿ ಪಟ್ಟಿ ಕಾಣಬೇಕಾದರೆ ಅದನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಟೆಕ್ನಿಷಿಯನ್ ಎಲ್ಲಿದ್ದಾನೆ ಎಂದು ಫೋನ್ ಜೇಬಿನಲ್ಲಿದ್ದಾಗಲೂ ತಿಳಿಯಬೇಕು ಎನ್ನುವವರಿಗೆ ಇದು ಸಾಲದು. ಆಗ ನಿಜವಾದ ಆ್ಯಪ್ಪೇ ಬೇಕು. ವಾರಕ್ಕೊಮ್ಮೆ ಒಂದೇ ಮನೆಗೆ ಹೋಗುವ ಕ್ಲೀನಿಂಗ್ ಸರ್ವಿಸ್‌ನವರ ಲೆಕ್ಕವೂ ನಮಗಿಂತ ಬೇರೆ.

ಅಂಕ ಕೊಡಲೇಬೇಕಾದರೆ ವೆಬ್‌ಸೈಟ್‌ಗೆ ಐದಕ್ಕೆ ನಾಲ್ಕು, ಆ್ಯಪ್‌ಗೆ ಒಂದೂವರೆ. ಮಾಡಿಕೊಟ್ಟವರಿಗೆ ಎರಡು. ಕೆಲಸ ಕೆಟ್ಟದಿರಲಿಲ್ಲ, ಆದರೆ ಡೊಮೇನ್ ಅನ್ನು ಅವರ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದರು. ಅದನ್ನು ನಮ್ಮ ಖಾತೆಗೆ ತರಲು ವರ್ಗಾವಣೆ ಕೋಡ್ ಬೇಕು. ಅದನ್ನು ಕೊಡಲು ಬಹಳ ಸತಾಯಿಸಿದರು. ಮುಂಗಡ ಕೊಡುವ ಮೊದಲೇ ಡೊಮೇನ್ ಯಾರ ಹೆಸರಿನಲ್ಲಿ, ಯಾರ ಮೇಲ್ ವಿಳಾಸದಲ್ಲಿ ಇರುತ್ತದೆ ಎಂದು ಬರೆಸಿಕೊಳ್ಳಿ.