ಅಚ್ಚ ಬಿಳಿಯೋ, ಕೆನೆಬಣ್ಣವೋ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕುರ್ತಾ ಆರಿಸುವಾಗ ಅಂಗಡಿಯ ಹಳದಿ ದೀಪವನ್ನು ನಂಬಬೇಡಿ. ಅದು ಎಲ್ಲರ ಮುಖಕ್ಕೂ ಹೊಂಬಣ್ಣ ಬಳಿಯುತ್ತದೆ. ಬಾಗಿಲ ಬಳಿ ಬಂದು ಅಚ್ಚ ಬಿಳಿ, ಕೆನೆಬಣ್ಣದ ಬಟ್ಟೆಗಳನ್ನು ಒಂದಾದ ಮೇಲೊಂದು ಗದ್ದದ ಕೆಳಗೆ ಹಿಡಿಯಿರಿ.

ಬಿಳಿಯಲ್ಲಿ ಬೂದುಗಟ್ಟಿದ ಮುಖ ಕೆನೆಬಣ್ಣದಲ್ಲಿ ಕಳೆಗಟ್ಟಿದರೆ ನಿಮ್ಮದು ಬೆಚ್ಚನೆಯ ಒಳಛಾಯೆ, ಅಂದರೆ ಮೈಬಣ್ಣದ ಅಡಿಯಲ್ಲಿ ಇಣುಕುವ ಛಾಯೆ ಹಳದಿಯತ್ತ ವಾಲಿದೆ. ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಪಾಚಿ ಹಸಿರು ಧಾರಾಳವಾಗಿ ಕೊಳ್ಳಿ. ಕೆನೆಬಣ್ಣದಲ್ಲಿ ಮುಖ ಸಪ್ಪೆಯಾಗಿ, ಕಣ್ಣಿನಡಿಯ ಕಪ್ಪು ಎದ್ದು ಕಂಡರೆ ತಂಪು ಒಳಛಾಯೆ. ಕಡುನೀಲಿ, ನೇರಳೆ ಮೇಲು. ಎರಡೂ ಒಪ್ಪಿದರೆ ತಟಸ್ಥ: ತೀರಾ ಗಾಢವಲ್ಲದ ಬಹುತೇಕ ಬಣ್ಣಗಳು ನಡೆಯುತ್ತವೆ.

ಮೈಬಣ್ಣ ಕಪ್ಪೋ ಬಿಳುಪೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ; ಕಪ್ಪು ಚರ್ಮದಲ್ಲೂ ಮೂರು ಬಗೆಯ ಒಳಛಾಯೆಗಳಿವೆ. ಮಲೆನಾಡಿನ ಮಳೆಗಾಲದ ಮೋಡದ ಬೆಳಕು ತುಸು ನೀಲಿ, ಹಾಗಾಗಿ ಅನುಮಾನವಿದ್ದರೆ ಹೊಳವಾದ ದಿನ ಮತ್ತೆ ನೋಡಿ. ತಂಪು ಛಾಯೆಯವರಿಗೆ ಸಾಸಿವೆ ಬಣ್ಣವೇ ಬೇಕೆನಿಸಿದರೆ ಕುತ್ತಿಗೆಗೆ ಕಡುನೀಲಿ ಶಾಲು ಸುತ್ತಿಕೊಳ್ಳಲಿ. ಮುಖಕ್ಕೆ ತಾಗುವುದು ಹತ್ತಿರದ ಬಣ್ಣ.