ಹಳದಿ ಎಲೆಯ ಚಿತ್ರವೋ, ಬೇರಿನ ಚಿತ್ರವೋ? ಕಾಳುಮೆಣಸಿನ ಬಳ್ಳಿಯನ್ನು ಮೊಬೈಲಿನಲ್ಲಿ ಓದುವ ಬಗೆ

ಮಳೆ ಹಿಂದೆ ಸರಿದು ಬಿಸಿಲು ಬಲಿಯುತ್ತಿದ್ದಂತೆ ಕಾರ್ಕಳ, ಹೆಬ್ರಿ, ಬ್ರಹ್ಮಾವರದ ಕಡೆಯ ನೆಂಟರಿಂದ ನನಗೆ ಬರುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅಂಗೈಯಲ್ಲಿ ಹಿಡಿದ ಒಂದು ಹಳದಿ ಎಲೆ, ಅದರ ಕೆಳಗೆ "ಭಾವ, ಇದಕ್ಕೆ ಏನು ಮದ್ದು ಬಿಡುವುದು?" ಎಂಬ ಪ್ರಶ್ನೆ. ಉತ್ತರ ಹೇಳುವ ಮೊದಲು ಇನ್ನೆರಡು ಚಿತ್ರ ಬೇಕು ಎನ್ನುತ್ತೇನೆ: ಇಡೀ ಬಳ್ಳಿಯದ್ದೊಂದು, ತೊಳೆದ ಬೇರಿನದ್ದೊಂದು. ನಮ್ಮ ಅಡಿಕೆ ತೋಟದ ಬಳ್ಳಿಗಳ ಮೇಲೆ ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಮೂರಕ್ಕೂ ಒಂದೇ ಬೆಲೆ ಇಲ್ಲ.

ಎಲೆಯ ಚಿತ್ರದಿಂದಲೇ ಆರಂಭಿಸೋಣ, ಎಲ್ಲರೂ ಕಳಿಸುವುದು ಅದನ್ನೇ ತಾನೇ. ಅದು ಪೂರ್ತಿ ನಿರುಪಯುಕ್ತವಲ್ಲ. ಹಳೆಯ ಎಲೆಯ ತುದಿ ಮತ್ತು ಅಂಚು ಸುಟ್ಟಂತಾಗಿದ್ದರೆ ಪೊಟ್ಯಾಷ್ ಕೊರತೆಯ ಅನುಮಾನ ಬರುತ್ತದೆ. ಕಂದು ಚುಕ್ಕೆಯ ಸುತ್ತ ಹಳದಿ ಬಳೆ ಇದ್ದರೆ ಎಲೆಚುಕ್ಕೆಯ ಶಿಲೀಂಧ್ರ. ಬಿಸಿಲು ನೇರವಾಗಿ ಬೀಳುವ ಬದಿಯ ಎಲೆಗಳು ಮಾತ್ರ ಬಿಳಿಚಿಕೊಂಡಿದ್ದರೆ ಅದು ರೋಗವೇ ಅಲ್ಲ, ನೆರಳು ಕಡಿಮೆಯಾಗಿದೆ ಅಷ್ಟೆ. ತೊಡಕು ಬರುವುದು ನಮ್ಮಲ್ಲಿ ಹೆಚ್ಚು ಕಾಣುವ ಹಳದಿಯಲ್ಲಿ. ನರಗಳು ಹಸಿರಾಗಿಯೇ ಉಳಿದು, ನರಗಳ ನಡುವಿನ ಭಾಗ ಮಾತ್ರ ಹಳದಿಯಾದ ಎಲೆಯನ್ನು ಯಾರು ನೋಡಿದರೂ ಮೆಗ್ನೀಷಿಯಂ ಕೊರತೆ ಎನ್ನುತ್ತಾರೆ. ಆದರೆ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಸೇರಿದ ಬಳ್ಳಿಯ ಎಲೆಯೂ ಹೀಗೆಯೇ ಕಾಣುತ್ತದೆ. ಬೇರು ಕೊರೆಯುವ ಇನ್ನೊಂದು ಜಾತಿಯ ಜಂತುಹುಳುವಿದ್ದರೆ ಎಲೆ ಪೂರ್ತಿ ಬಿಳಿಹಳದಿಯಾಗಿ ಜೋಲುಬೀಳುತ್ತದೆ. ಅದನ್ನು ಸಾರಜನಕದ ಕೊರತೆ ಎಂದು ಓದಿಬಿಡುವುದು ಬಹಳ ಸುಲಭ. ಒಂದು ಎಲೆಯ ಮುಖ ನೋಡಿ ಇವನ್ನು ಬೇರ್ಪಡಿಸಲು ಯಾರಿಗೂ ಸಾಧ್ಯವಿಲ್ಲ. ಅಡಿಕೆ ಮರದ ನೆರಳಿನಲ್ಲಿ ಮೊಬೈಲ್ ಬಣ್ಣವನ್ನು ತನ್ನಷ್ಟಕ್ಕೆ ತಿದ್ದುವುದು ಬೇರೆ. ಚಿತ್ರದೊಳಗೆ ಒಂದು ಬಿಳಿ ಕಾಗದ ಇಟ್ಟರೆ ಅಷ್ಟರಮಟ್ಟಿಗೆ ಬಣ್ಣದ ಮೋಸ ತಿಳಿಯುತ್ತದೆ. ಮಳೆಗಾಲದಲ್ಲಾದರೆ ಬೋರ್ಡೋ ದ್ರಾವಣದ ನೀಲಿ ಕಲೆ ಎಲೆಯ ಮೇಲ್ಭಾಗವನ್ನು ಮುಚ್ಚಿರುತ್ತದೆ, ಆಗ ಎಲೆಯನ್ನು ಮಗುಚಿ ಹಿಂಬದಿಯ ಚಿತ್ರ ತೆಗೆಯಬೇಕು.

ಇಡೀ ಬಳ್ಳಿಯ ಚಿತ್ರ ಇದಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ, ಪಕ್ಕದ ಮರದ ಬಳ್ಳಿಯೂ ಅದರಲ್ಲಿ ಕಾಣುವಂತಿದ್ದರೆ. ಹಳದಿ ಕೆಳಗಿನ ಹಳೆ ಎಲೆಗಳಲ್ಲಿ ಮಾತ್ರ ಇದೆಯೇ, ಬುಡದಿಂದ ತುದಿಯವರೆಗೂ ಇದೆಯೇ? ಸಾಲಿನ ಎಲ್ಲ ಬಳ್ಳಿಗಳೂ ಒಂದೇ ಹದಕ್ಕೆ ಮಾಸಿವೆಯೇ, ಅಥವಾ ಒಂದೆರಡು ಬಳ್ಳಿ ಹಳದಿಯಾಗಿ ಅವುಗಳ ಸುತ್ತಲಿನವು ಈಗಷ್ಟೇ ಬಣ್ಣ ಬದಲಿಸುತ್ತಿವೆಯೇ? ಇಡೀ ಸಾಲು ಸಮನಾಗಿ ಹಳದಿಯಾಗಿದ್ದರೆ ನಾನು ಮೊದಲು ಗೊಬ್ಬರವನ್ನೋ ಕಣಿಯಲ್ಲಿ ನಿಂತ ನೀರನ್ನೋ ಸಂಶಯಿಸುತ್ತೇನೆ. ಅಲ್ಲಲ್ಲಿ ತೇಪೆ ಹಾಕಿದಂತೆ ಹಬ್ಬಿದ್ದರೆ ಕಾರಣ ಮಣ್ಣಿನೊಳಗಿದೆ.

ಇಲ್ಲಿ ತಾರೀಖು ಎಲೆಯ ಬಣ್ಣದಷ್ಟೇ ಮುಖ್ಯ. ಜುಲೈಯಲ್ಲಿ ಬುಡದ ಬಳಿ ನೆಲಕ್ಕೆ ಹಬ್ಬಿದ ಕುಡಿಗಳ ಎಲೆಯಲ್ಲಿ ಅಂಚು ಹರಡಿದಂತಿರುವ ಕಪ್ಪು ಕಲೆ ಕಂಡು, ಕೆಲವೇ ದಿನಗಳಲ್ಲಿ ಬಳ್ಳಿ ಜೋತು ಎಲೆ ಉದುರಿಸಿದರೆ ಅದು ಶೀಘ್ರ ಸೊರಗು ರೋಗ. ಅಕ್ಟೋಬರಿನಿಂದ ಮೆಲ್ಲಗೆ ಹಳದಿಯಾಗುತ್ತಾ, ಬೇಸಿಗೆಯಲ್ಲಿ ಎಲೆ ಉದುರಿಸಿ, ಜೂನ್ ಮಳೆಗೆ ಮತ್ತೆ ಚಿಗುರುವುದು ನಿಧಾನ ಸೊರಗು ರೋಗ. ಆ ಚಿಗುರನ್ನು ನೋಡಿ "ಗುಣವಾಯಿತು" ಎಂದುಕೊಳ್ಳುವವರು ಬಹಳ. ಮುಂದಿನ ಅಕ್ಟೋಬರಿಗೆ ಅದೇ ಬಳ್ಳಿ ಮತ್ತೆ ಹಳದಿ, ಈ ಬಾರಿ ಇನ್ನಷ್ಟು ಬೋಳು. ಆದ್ದರಿಂದ ಒಂದೇ ಜಾಗದಲ್ಲಿ ನಿಂತು ಮಳೆ ಮುಗಿದ ಮೇಲೆ, ಬೇಸಿಗೆಯಲ್ಲಿ, ಮತ್ತೆ ಮಳೆ ಹಿಡಿದಾಗ ತೆಗೆದ ಚಿತ್ರಗಳು ಒಂದು ಸುಂದರ ಎಲೆಯ ಚಿತ್ರಕ್ಕಿಂತ ಮೇಲು.

ಆದರೂ ಕೊನೆಯ ಮಾತು ಬೇರಿನದ್ದು. ಹೆಬ್ರಿ ಕಡೆಯ ನನ್ನ ಭಾವನೊಬ್ಬನ ತೋಟದಲ್ಲಿ ಹಸಿರು ನರ, ಹಳದಿ ಒಡಲಿನ ಎಲೆಗಳಿದ್ದವು. ಅಂಗಡಿಯಲ್ಲಿ ಎಲೆ ನೋಡಿ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟಿದ್ದರು, ಅವನು ಬಿಟ್ಟೂ ಆಗಿತ್ತು, ಬಣ್ಣ ಮಾತ್ರ ಕದಲಿರಲಿಲ್ಲ. ಇಡೀ ಬಳ್ಳಿಯ ಚಿತ್ರದಲ್ಲಿ ಮೂರು ಮರಗಳ ಬಳ್ಳಿ ಹಳದಿ, ಆಚೆಯ ಸಾಲು ಕಡುಹಸಿರು. ಗೊಬ್ಬರ ಎರಡಕ್ಕೂ ಒಂದೇ. ಬುಡದಿಂದ ಒಂದಡಿ ದೂರದಲ್ಲಿ, ಒಂದೇ ಬದಿಯಲ್ಲಿ, ಮೇಲ್ಮಣ್ಣನ್ನು ಕೈಯಿಂದಲೇ ಸರಿಸಿ ಒಂದು ಹಿಡಿ ಸಣ್ಣ ಬೇರು ತೆಗೆಯಲು ಹೇಳಿದೆ. ಎಳೆಯಬಾರದು, ಎಳೆದರೆ ಕೊಳೆತ ಬೇರಿನ ಸಿಪ್ಪೆ ಮಣ್ಣಿನಲ್ಲೇ ಉಳಿಯುತ್ತದೆ, ನೋಡಬೇಕಾದದ್ದು ಅದನ್ನೇ. ಬಕೆಟ್ಟಿನ ನೀರಿನಲ್ಲಿ ಅಲುಗಾಡಿಸಿ ತೊಳೆದು ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹರಡಿ ಚಿತ್ರ ತೆಗೆದ. ಬೇರಿನ ಉದ್ದಕ್ಕೂ ಸಾಸಿವೆ ಪೋಣಿಸಿದಂತೆ ಗಂಟುಗಳು. ಆಚೆ ಸಾಲಿನ ಬೇರು ಪಕ್ಕದಲ್ಲೇ ಇತ್ತು, ನಯವಾಗಿ, ಕೆನೆಬಣ್ಣದಲ್ಲಿ. ಬೇರು ನೀರು ಗೊಬ್ಬರವನ್ನು ಎತ್ತದಿದ್ದಾಗ ಎಲೆಗೆ ಎಷ್ಟು ಬಿಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ. ಅವನು ಬಳ್ಳಿಗೆ ಒಂದು ಕಿಲೋದಂತೆ ಬೇವಿನ ಹಿಂಡಿ ಕೊಟ್ಟ, ತೀರಾ ಹೋದ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಟ್ಟ. ಆ ಮೂರು ಮರಗಳಿಂದ ನೆಡುಬಳ್ಳಿ ತೆಗೆಯುವುದನ್ನು ನಿಲ್ಲಿಸಿದ; ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಕೆಲಸ ಅದೇ.

ಇನ್ನು ತೆನೆ ಉದುರುವುದು. ಇದಕ್ಕೆ ಬಳ್ಳಿಯ ಚಿತ್ರ ಸಾಲದು, ನೆಲಕ್ಕೆ ಬಿದ್ದ ತೆನೆಗಳದ್ದೇ ಬೇಕು. ಬೆಳಿಗ್ಗೆ ಹೊಸದಾಗಿ ಬಿದ್ದವನ್ನು ಹೆಕ್ಕಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಕಳಚಿದ ತೊಟ್ಟಿನ ತುದಿ ಸ್ಪಷ್ಟವಾಗಿ ಕಾಣುವಂತೆ ತೆಗೆಯಿರಿ. ತೊಟ್ಟು ಅಥವಾ ತೆನೆಯ ನಡುವೆ ಕಪ್ಪಾಗಿ ಕೊಳೆತಿದ್ದರೆ ಶಿಲೀಂಧ್ರದ ಕೆಲಸ. ತೆನೆ ಚೊಕ್ಕ ಹಸಿರು ಅಥವಾ ಹಳದಿಯಾಗಿದ್ದು, ಕಲೆಯಿಲ್ಲದೆ, ಕಾಳೇ ಕಟ್ಟದೆ ಬಿದ್ದಿದ್ದರೆ ಪರಾಗಸ್ಪರ್ಶ ಸರಿಯಾಗಿಲ್ಲ. ಕಾಳುಮೆಣಸಿನಲ್ಲಿ ಪರಾಗ ಹರಡಲು ಮಳೆಹನಿಯ ನೆರವು ದೊಡ್ಡದು. ಜೂನಿನಲ್ಲಿ ತೆನೆ ಬಿಟ್ಟ ಮೇಲೆ ಮಳೆ ಕೈಕೊಟ್ಟರೆ ಆಟಿಯ ಹೊತ್ತಿಗೆ ನೆಲ ತುಂಬಾ ಖಾಲಿ ತೆನೆ. ಗಾಢ ನೆರಳಿನಲ್ಲಿ ಬೆಳೆದ ಪಣಿಯೂರು-1 ತಳಿಯಲ್ಲೂ ಕಾಳು ಕಟ್ಟುವುದು ಕುಗ್ಗುತ್ತದೆ. ಇಂಥ ತೆನೆಗೆ ಬೋರ್ಡೋ ಬಿಟ್ಟರೆ ಮೈಲುತುತ್ತು, ಸುಣ್ಣ, ಕೂಲಿ ಎಲ್ಲವೂ ನಷ್ಟ. ಕೊಳೆ ಇದ್ದರೆ ಮಾತ್ರ ಶೇಕಡಾ 1ರ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ.

ಬೇರಿನ ಚಿತ್ರಕ್ಕೂ ಒಂದು ಮಿತಿ ಇದೆ. ಗಂಟಿದ್ದರೆ ಕಣ್ಣಿಗೆ ಕಾಣುತ್ತದೆ. ಗಂಟಿಲ್ಲದೆ ಬೇರು ಕಂದಾಗಿ ಕೊಳೆತಿದ್ದರೆ ಅದು ಕೊರೆಯುವ ಜಂತುಹುಳುವೋ, ಶೀಘ್ರ ಸೊರಗು ತರುವ ಶಿಲೀಂಧ್ರವೋ, ಎರಡೂ ಕೂಡಿಯೋ ಎಂದು ಯಾವ ಮೊಬೈಲೂ ಹೇಳದು. ಆಗ ಬೇರು ಮತ್ತು ಅದರ ಸುತ್ತಲಿನ ಹಸಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಒಣಗಲು ಬಿಡದೆ, ಮಂಗಳೂರಿನ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆಗೆ ಕೊಡಬೇಕು. ಚೀಲದ ಮೇಲೆ ಆ ತೋಟದಲ್ಲಿ ಬಾಳೆ ಇದೆಯೇ ಎಂದೂ ಬರೆಯಿರಿ, ಕೊರೆಯುವ ಜಂತುಹುಳು ಬಾಳೆ ಮತ್ತು ಅಡಿಕೆಯ ಬೇರಿನಲ್ಲೂ ಬದುಕುತ್ತದೆ.