36ರ ಗೆಳೆಯನನ್ನು 62 ಮಾಡಿದ್ದು: ನರೆ, ಸುಕ್ಕು, ಹಣೆಯ ಅಂಚು – ಯಾವ ವಿಧಾನ ನಿಂತಿತು, ಯಾವುದು ಕೈಕೊಟ್ಟಿತು

ನಮ್ಮ ಹವ್ಯಾಸಿ ತಂಡ ಒಂದೇ ಕಥೆಯನ್ನು ಎರಡು ಸಲ ಮಾಡಿತು. ಮೊದಲು ಕಿರುಚಿತ್ರ, ಆಮೇಲೆ ನಾಟಕ. ಮುಖ್ಯ ಪಾತ್ರ ರಿಟೈರ್ಡ್ ಹೆಡ್‌ಮಾಸ್ಟರು, ವಯಸ್ಸು 62. ಪಾತ್ರ ಮಾಡಿದ ಗೆಳೆಯನಿಗೆ 36. ದಟ್ಟ ಕಪ್ಪು ಕೂದಲು, ತುಂಬಿದ ಕೆನ್ನೆ. ಮೇಕಪ್ಪಿನ ಜವಾಬ್ದಾರಿ ನನ್ನದು. ಶೂಟಿಂಗಿಗೆ ಮುಂಚೆ ಮೂರು ಭಾನುವಾರ ಅವನನ್ನು ಕಿಟಕಿ ಪಕ್ಕ ಕೂರಿಸಿ, ತಲೆಯ ಅರ್ಧಕ್ಕೆ ಒಂದು ವಿಧಾನ, ಇನ್ನರ್ಧಕ್ಕೆ ಇನ್ನೊಂದು ವಿಧಾನ ಅಂತ ಹಚ್ಚಿ ನೋಡಿದೆ. ಪ್ರತಿ ಸಲ ಎರಡು ಫೋಟೋ. ಒಂದು ಎರಡಡಿ ದೂರದಿಂದ, ಇನ್ನೊಂದು ಇಪ್ಪತ್ತಡಿ ದೂರದಿಂದ.

ಬಣ್ಣ ಮುಟ್ಟುವ ಮೊದಲೇ ಅವನ ಅಪ್ಪನ ಫೋಟೋ ತರಿಸಿಕೊಂಡೆ. ಅರವತ್ತು ದಾಟಿದಾಗ ತೆಗೆದದ್ದು. ಅವರ ಹಣೆಯ ಎರಡು ಮೂಲೆಗಳಲ್ಲಿ ಕೂದಲು ಹಿಂದೆ ಸರಿದಿತ್ತು, ಮಧ್ಯದಲ್ಲಿ ಒಂದು ತುದಿ ಉಳಿದಿತ್ತು. ಕಿವಿಯ ಮುಂದೆ ಪೂರ್ತಿ ನರೆ, ಹಿಂದಲೆ ಇನ್ನೂ ಕಪ್ಪು. ಹುಬ್ಬಿನಲ್ಲಿ ನಾಲ್ಕೈದು ಬಿಳಿ ಕೂದಲು ಮಾತ್ರ. ಹಣೆಯಲ್ಲಿ ಗೆರೆ ಇರಲೇ ಇಲ್ಲ ಅನ್ನಬಹುದು. ಕಣ್ಣಿನ ಕೆಳಗೆ ಕಪ್ಪು, ಬಾಯಿಯ ಪಕ್ಕ ಮಡಿಕೆ, ಅಷ್ಟೇ. ನಮ್ಮ ಕಂದು ಚರ್ಮದಲ್ಲಿ ಸಣ್ಣ ಸುಕ್ಕು ತಡವಾಗಿ ಬರುತ್ತದೆ. ಅದಕ್ಕೆ ಮುಂಚೆ ಬಣ್ಣ ಅಲ್ಲಲ್ಲಿ ಕಪ್ಪಾಗುತ್ತದೆ, ಕೆನ್ನೆ ಇಳಿಯುತ್ತದೆ. ಮುಖದ ತುಂಬ ಗೆರೆ ಎಳೆದರೆ ಮುದುಕನ ವೇಷ ಅನ್ನಿಸುವುದು ಇದಕ್ಕೇ.

ಮೊದಲು ನರೆ. ನಾನು ಪ್ರಯತ್ನಿಸಿದ್ದು ಮೂರು: ಜಿಂಕ್ ಪೌಡರ್, ಸಿಲ್ವರ್ ಹೇರ್ ಸ್ಪ್ರೇ, ನೀರಲ್ಲಿ ಕಲಸುವ ಕೇಕ್ ಬಣ್ಣ.

ಜಿಂಕ್ ಪೌಡರ್ ನಮ್ಮ ನಾಟಕದವರ ಹಳೇ ದೋಸ್ತಿ. ಐದು ನಿಮಿಷದ ಕೆಲಸ, ಖರ್ಚೂ ಇಲ್ಲ. ಆದರೆ ಅದು ಕೂದಲಿಗಿಂತ ಜಾಸ್ತಿ ತಲೆಯ ಚರ್ಮಕ್ಕೆ ಹೋಗಿ ಕೂರುತ್ತದೆ. ಹತ್ತಿರದಿಂದ ನೋಡಿದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ. ಒಮ್ಮೆ ತಲೆ ಅಲ್ಲಾಡಿಸಿದರೆ ಭುಜದ ಮೇಲೆ ಬೀಳುತ್ತದೆ. ಇನ್ನೊಂದು ತೊಂದರೆ ಫೋಟೋದಲ್ಲಿ ಗೊತ್ತಾಯಿತು. ಕಪ್ಪು ಕೂದಲಿನ ಮೇಲೆ ಬಿಳಿ ತೆಳ್ಳಗೆ ಬಿದ್ದರೆ ಅದು ಬಿಳಿಯಾಗಿ ಕಾಣಲ್ಲ, ನೀಲಿ ಮಿಶ್ರಿತ ಬೂದಿಯಾಗಿ ಕಾಣುತ್ತದೆ. ಕ್ಯಾಮೆರಾ ಆ ನೀಲಿಯನ್ನು ಇನ್ನೂ ಎತ್ತಿ ತೋರಿಸಿತು.

ಸ್ಪ್ರೇ ಬೇಗ ಆಗುತ್ತದೆ, ಉದುರುವುದೂ ಇಲ್ಲ. ಆದರೆ ಅದು ಎಲ್ಲಾ ಕೂದಲನ್ನೂ ಒಂದೇ ಸಮ ಮಾಡಿಬಿಡುತ್ತದೆ. ನಿಜವಾದ ನರೆಯಲ್ಲಿ ಒಂದು ಕೂದಲು ಪೂರ್ತಿ ಬಿಳಿ, ಪಕ್ಕದ್ದು ಪೂರ್ತಿ ಕಪ್ಪು. ಎರಡೂ ಬೆರೆತಾಗ ದೂರಕ್ಕೆ ಬೂದು ಕಾಣುತ್ತದೆ. ಸ್ಪ್ರೇ ಹೊಡೆದ ಅರ್ಧ ತಲೆ ಲೋಹದ ಹಾಗೆ ಹೊಳೆಯಿತು, ಕೂದಲು ಗಟ್ಟಿಯಾಗಿ ಟೋಪಿಯಂತೆ ಕೂತಿತು.

ನಿಂತದ್ದು ಕೇಕ್ ಬಣ್ಣ. ಬಿಳಿಗೆ ಚೂರೇ ಚೂರು ಹಳದಿ, ಅದರ ಅರ್ಧದಷ್ಟು ಕಂದು ಬೆರೆಸಿ ಹಳೇ ಅಕ್ಕಿಯ ಬಣ್ಣಕ್ಕೆ ತಂದೆ. ಆ ಹಳದಿ ನೀಲಿಯನ್ನು ಕೊಲ್ಲುತ್ತದೆ. ಹಳೇ ಟೂತ್‌ಬ್ರಷ್ಷಿಗೆ ಬಣ್ಣ ತಗೊಂಡು, ಮೊದಲು ಟಿಶ್ಯೂಗೆ ಒರೆಸಿ, ಬಹುತೇಕ ಒಣಗಿದ ಬ್ರಷ್ಷನ್ನು ಕೂದಲಿನ ಮೇಲ್ಮೈಗೆ ಮಾತ್ರ ತಾಗಿಸಿದೆ. ಬ್ರಷ್ ಒದ್ದೆ ಇದ್ದರೆ ಬುಡಕ್ಕೆ ಇಳಿದು ಚರ್ಮ ಬೆಳ್ಳಗಾಗುತ್ತದೆ, ಅಲ್ಲಿಗೆ ಕೆಲಸ ಕೆಟ್ಟ ಹಾಗೆ. ಒಣಗಿದ ಮೇಲೆ ಒಂದು ಸಲ ಬಾಚಿದರೆ ಅಂಟಿಕೊಂಡ ಎಳೆಗಳು ಬಿಡಿಬಿಡಿಯಾಗುತ್ತವೆ. ಕಿವಿಯ ಮುಂದೆ ಎರಡು ಪದರ, ಕಣತಲೆಗೆ ಒಂದು, ಮುಂದಲೆಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ, ಹಿಂದಲೆಗೆ ಏನೂ ಇಲ್ಲ. ಇದಕ್ಕೆ ನಲವತ್ತು ನಿಮಿಷ ಬೇಕಾಯಿತು. ಬೆವರಿದರೆ ಕಿವಿಯ ಮುಂದೆ ಕರಗಿ ಇಳಿಯುತ್ತದೆ ಅನ್ನುವುದೊಂದೇ ಇದರ ದೋಷ. ಟೇಕುಗಳ ಮಧ್ಯೆ ಒರೆಸಬಾರದು, ಟಿಶ್ಯೂ ಒತ್ತಿ ಬೆವರು ತೆಗೆಯಬೇಕು.

ಎರಡು ದಿನದ ಗಡ್ಡಕ್ಕೂ ಇದೇ ಬಣ್ಣ ತಾಗಿಸಿದೆ, ಗಲ್ಲದ ತುದಿಯಲ್ಲಿ ಮಾತ್ರ. ತಲೆಯ ನರೆಗಿಂತ ಈ ಒಂದು ರೂಪಾಯಿ ಅಗಲದ ಬಿಳುಪೇ ಅವನ ವಯಸ್ಸನ್ನು ಜಾಸ್ತಿ ಏರಿಸಿತು ಅಂತ ನನಗನ್ನಿಸಿತು.

ಇನ್ನು ಗೆರೆಗಳು. ಇಲ್ಲಿ ಹೋಲಿಕೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮುಖದ ಎಡಭಾಗಕ್ಕೆ ಕಂದು ಪೆನ್ಸಿಲಿನಿಂದ ಗೆರೆ ಎಳೆದೆ. ಬಲಭಾಗಕ್ಕೆ ನೆರಳು–ಬೆಳಕು ಮಾಡಿದೆ. ಅವನು ಸುಮ್ನೆ ಕೂತಿದ್ದಾಗ ಎರಡೂ ಪರವಾಗಿಲ್ಲ ಅನ್ನಿಸಿತು. ನಗು ಅಂದೆ. ಎಡಗಡೆ ಅವನ ನಿಜವಾದ ಮಡಿಕೆ ಒಂದು ಕಡೆ ಬಿತ್ತು, ನಾನು ಎಳೆದ ಗೆರೆ ಅರ್ಧ ಸೆಂಟಿಮೀಟರ್ ಪಕ್ಕದಲ್ಲಿ ಉಳಿಯಿತು. ಒಂದು ಮುಖಕ್ಕೆ ಎರಡು ಬಾಯಿಗೆರೆ! ಅಂದಿನಿಂದ ನಿಯಮ ಮಾಡಿಕೊಂಡೆ: ಮೊದಲು ನಗಿಸಿ, ಹುಬ್ಬು ಗಂಟಿಕ್ಕಿಸಿ, ಕಣ್ಣು ಕಿರಿದು ಮಾಡಿಸಿ, ಚರ್ಮ ಎಲ್ಲಿ ಮಡಚುತ್ತದೋ ಅಲ್ಲೇ ಗುರುತು ಹಾಕಿಕೊಳ್ಳಬೇಕು. ಇಲ್ಲದ ಕಡೆ ಗೆರೆ ಹುಟ್ಟಿಸಬಾರದು.

ನೆರಳಿಗೆ ಕಪ್ಪು ಬೇಡ. ಕಪ್ಪು ಅಥವಾ ಬೂದು ಬಣ್ಣ ಕಂದು ಮುಖದ ಮೇಲೆ ಕೊಳೆಯಾಗಿ ಕಾಣುತ್ತದೆ. ನಾನು ಕೆಂಪು ಛಾಯೆಯ ಗಾಢ ಕಂದು ಕ್ರೀಮ್ ಬಳಸಿದೆ. ಬೆಳಕಿಗೆ ಬಿಳಿ ಅಲ್ಲ, ಅವನ ಮೈಬಣ್ಣಕ್ಕಿಂತ ಎರಡು ಹಂತ ತಿಳಿಯಾದ, ಹಳದಿ ಕಡೆ ವಾಲಿದ ಫೌಂಡೇಶನ್. ಬಾಯಿಯ ಪಕ್ಕದ ಮಡಿಕೆಯಲ್ಲಿ ನೆರಳಿನ ಒಂದು ಅಂಚು ಮಾತ್ರ ಚೂಪಾಗಿರಬೇಕು, ಅದೂ ಮಡಿಕೆಯ ಆಳದಲ್ಲಿ. ಅಲ್ಲಿಂದ ಕೆನ್ನೆ ಕಡೆಗೆ ಅದು ಕರಗುತ್ತಾ ಹೋಗಬೇಕು. ಕೆನ್ನೆಯ ಉಬ್ಬಿನ ಮೇಲೆ ತಿಳಿ ಬಣ್ಣ. ಎರಡೂ ಅಂಚು ಚೂಪಾದರೆ ಅದು ಗೆರೆ, ಒಂದು ಅಂಚು ಕರಗಿದರೆ ಅದು ಇಳಿದ ಚರ್ಮ. ಇದೇ ರೀತಿ ಕಣತಲೆ, ಕಣ್ಣಿನ ಒಳಮೂಲೆಯ ಕೆಳಗೆ, ಬಾಯಿಯ ಎರಡು ತುದಿಯ ಕೆಳಗೆ. ತುಟಿಗೆ ಸ್ವಲ್ಪ ಫೌಂಡೇಶನ್ ಒತ್ತಿ ಅದರ ಕೆಂಪು ಕಡಿಮೆ ಮಾಡಿದೆ.

ಮೂರನೆಯದು ಲಿಕ್ವಿಡ್ ಲೇಟೆಕ್ಸ್, ಅಂದರೆ ಹಚ್ಚಿದ ಮೇಲೆ ಒಣಗಿ ತೆಳು ಪೊರೆಯಾಗುವ ರಬ್ಬರ್ ದ್ರವ. ಇದು ಬಣ್ಣದ ಭ್ರಮೆಯಲ್ಲ, ನಿಜವಾದ ಸುಕ್ಕು. ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು, ಸ್ಪಂಜಿನಿಂದ ತೆಳ್ಳಗೆ ತಟ್ಟಿ, ತಣ್ಣನೆ ಗಾಳಿಯಲ್ಲಿ ಒಣಗಿಸಿ, ಎಳೆದ ಕೈ ಬಿಡುವ ಮುಂಚೆಯೇ ಪೌಡರ್ ಹಾಕಬೇಕು. ಪೌಡರ್ ಮರೆತರೆ ಅದು ತನಗೆ ತಾನೇ ಅಂಟಿಕೊಂಡು ಗಂಟಾಗುತ್ತದೆ. ಕಣ್ಣಿನ ಹೊರಮೂಲೆಗೆ ಒಂದೇ ಪದರ ಹಾಕಿದಾಗ ಎರಡಡಿ ದೂರದಲ್ಲೂ ನಂಬುವ ಹಾಗಿತ್ತು. ಮೂರು ಪದರ ಹಾಕಿದೆ ನೋಡಿ, ಸುಟ್ಟ ಗಾಯ ಮಾಗಿದ ಹಾಗಾಯಿತು. ಲೇಟೆಕ್ಸಿನಲ್ಲಿ ಅಮೋನಿಯಾ ಇರುತ್ತದೆ, ಪೂರ್ತಿ ಒಣಗುವ ತನಕ ಕಣ್ಣು ತೆರೆಯಲು ಬಿಡಬಾರದು. ಹುಬ್ಬಿಗೆ ತಾಗಿದರೆ ಕಿತ್ತು ಬರುತ್ತದೆ, ಅದಕ್ಕೆ ಮೊದಲೇ ಅಲ್ಲಿ ವ್ಯಾಸಲೀನ್ ಹಚ್ಚಿಡಬೇಕು. ಕೆಲವರಿಗೆ ಲೇಟೆಕ್ಸ್ ಅಲರ್ಜಿ ಇರುತ್ತದೆ. ಹಿಂದಿನ ದಿನವೇ ತೋಳಿನ ಒಳಬದಿಗೆ ಹಚ್ಚಿ ನೋಡದೆ ಮುಖಕ್ಕೆ ತರಲೇಬೇಡಿ. ಇದರ ಮೇಲೆ ಎಣ್ಣೆ ಜಾಸ್ತಿ ಇರುವ ಸಾಮಾನ್ಯ ಫೌಂಡೇಶನ್ ಹಾಕಿದರೆ ರಬ್ಬರ್ ಮೆತ್ತಗಾಗಿ ಏಳುತ್ತದೆ. ನಮ್ಮ ಟ್ರಯಲ್‌ನಲ್ಲಿ ಬಾಯಿಯ ಪಕ್ಕ ಹಚ್ಚಿದ್ದು ಎರಡು ಗಂಟೆಗೆ ಸಿಪ್ಪೆಯಂತೆ ಎದ್ದಿತು. ಹಾಗಾಗಿ ಚಿತ್ರಕ್ಕೆ ಕಣ್ಣಿನ ಹೊರಮೂಲೆಗೆ ಮಾತ್ರ ಲೇಟೆಕ್ಸ್, ಉಳಿದದ್ದೆಲ್ಲ ನೆರಳು–ಬೆಳಕು.

ಹಣೆಯ ಅಂಚಿನ ವಿಷಯಕ್ಕೆ ನಾನು ತಡವಾಗಿ ಬಂದೆ. ಮೊದಲೇ ಬರಬೇಕಿತ್ತು. ಎರಡನೇ ಭಾನುವಾರ ನರೆ ಚೆನ್ನಾಗಿ ಬಂದಿತ್ತು, ನೆರಳೂ ಸರಿಯಿತ್ತು. ಆದರೂ ಅವನು 62ರವನಲ್ಲ, ಬೇಗ ನರೆತ 40ರವನ ಹಾಗೆ ಕಾಣುತ್ತಿದ್ದ. ಕಾರಣ ಹುಡುಕಿದಾಗ ಸಿಕ್ಕಿದ್ದು ಆ ದಟ್ಟ, ನೇರ ಮುಂದಲೆ.

ಬೋಳಿಸುವುದು ಒಂದು ದಾರಿ. ಗೆಳೆಯ ಒಪ್ಪಿದ, ಒಂದು ಮೂಲೆಯಲ್ಲಿ ಬೆರಳ ತುದಿಯಷ್ಟು ಜಾಗ ರೇಜರ್ ಹಾಕಿ ನೋಡಿದೆ. ಬೋಳಿಸಿದ ಕಡೆ ಹಸಿರು ಮಿಶ್ರಿತ ನೀಲಿ ನೆರಳು ಉಳಿಯಿತು. ಬಿಸಿಲು ಕಂಡ ಹಣೆಗೂ ಬಿಸಿಲು ಕಾಣದ ಆ ಚರ್ಮಕ್ಕೂ ಬಣ್ಣವೇ ಬೇರೆ. ಕಿತ್ತಳೆ ಬಣ್ಣದ ಕರೆಕ್ಟರ್ ಹಾಕಿ ಮುಚ್ಚಬಹುದು, ಆದರೆ ಮಾರನೇ ದಿನವೇ ಮೊಳಕೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದು. ಅದು ಮೊದಲಿನಷ್ಟಾಗುವ ತನಕ ಆಫೀಸಿಗೆ ಹೋಗುವ ಮನುಷ್ಯನನ್ನು ತಿಂಗಳುಗಟ್ಟಲೆ ಹಾಗೆ ಓಡಾಡಿಸುವುದು ನನಗೆ ಸರಿ ಕಾಣಲಿಲ್ಲ.

ತಲೆ ಬೋಳಾಗಿ ಕಾಣಿಸಲು ಹಾಕುವ ಮೈಬಣ್ಣದ ತೆಳು ಟೋಪಿ, ಅಂದರೆ ಬಾಲ್ಡ್ ಕ್ಯಾಪ್, ಅದರ ತುಂಡನ್ನೂ ಅಂಟಿಸಿ ನೋಡಿದೆ. ಹುಬ್ಬು ಏರಿಸಿದ ತಕ್ಷಣ ಅಂಚು ಸುಕ್ಕಾಯಿತು. ಅದರ ಮೇಲೆ ಮತ್ತೆ ಕೂದಲು ನೆಡಬೇಕು, ನಮ್ಮ ಬಜೆಟ್ಟಿಗೂ ನನ್ನ ಕೈಗೂ ಮೀರಿದ ಕೆಲಸ. ಬಿಟ್ಟೆ.

ಕೊನೆಗೆ ಉಳಿಸಿಕೊಂಡದ್ದು ಬಹಳ ಸರಳ. ಹಣೆಯ ಎರಡು ಮೂಲೆಗಳಲ್ಲಿ ತೆಳುಗೊಳಿಸುವ ಕತ್ತರಿಯಿಂದ ಸ್ವಲ್ಪ ಕೂದಲು ಕಡಿಮೆ ಮಾಡಿದೆ. ಒಂದೂವರೆ ಸೆಂಟಿಮೀಟರಿನಷ್ಟು ಜಾಗದ ಕೂದಲನ್ನು ಗಟ್ಟಿ ಜೆಲ್ ಹಾಕಿ ಹಿಂದಕ್ಕೆ ಒತ್ತಿ ಮಲಗಿಸಿದೆ. ಒಣಗಿದ ಮೇಲೆ ಮೈಬಣ್ಣದ ಗಟ್ಟಿ ಕ್ರೀಮ್ ಫೌಂಡೇಶನ್ನನ್ನು ಸ್ಪಂಜಿನಿಂದ ತಟ್ಟಿ, ಪೌಡರ್, ಮತ್ತೆ ಕ್ರೀಮ್, ಮತ್ತೆ ಪೌಡರ್. ಅಂಚನ್ನು ನೇರ ಬಿಡದೆ ಹರಕು ಹರಕಾಗಿ ಮಾಡಿ, ನಾಲ್ಕೈದು ಎಳೆಯನ್ನು ಹಾಗೇ ಬಿಟ್ಟೆ. ಆ ಒಂಟಿ ಎಳೆಗಳೇ ಕಣ್ಣನ್ನು ನಂಬಿಸುವುದು. ಬೈತಲೆಯ ಎರಡೂ ಕಡೆ ಅದೇ ಬಣ್ಣ ಹಚ್ಚಿ ಅದನ್ನು ಎರಡು ಮಿಲಿಮೀಟರಿನಿಂದ ಐದಕ್ಕೆ ಅಗಲ ಮಾಡಿದೆ. ಉಳಿದ ಕೂದಲಿಗೆ ಒದ್ದೆ ಜೆಲ್ ಹಾಕಿ ಹಿಂದಕ್ಕೆ ಬಾಚಿದಾಗ ಎಳೆಗಳು ಗುಂಪು ಗುಂಪಾಗಿ ನಡುವೆ ತಲೆ ಕಾಣಿಸಿತು. ಇದರ ಮಿತಿ ಎರಡು: ಪಕ್ಕದಿಂದ ಬೆಳಕು ಬಿದ್ದರೆ ಒತ್ತಿ ಮಲಗಿಸಿದ ಜಾಗ ಉಬ್ಬಾಗಿ ಕಾಣುತ್ತದೆ, ಗುಂಗುರು ಕೂದಲಿದ್ದರೆ ಮಲಗುವುದೇ ಇಲ್ಲ. ನಮ್ಮ ಕ್ಯಾಮೆರಾದವರು ಬೆಳಕನ್ನು ಮುಂದಕ್ಕೆ ತಂದು ಸಹಾಯ ಮಾಡಿದರು.

ನಾಟಕಕ್ಕೆ ಬಂದಾಗ ಲೆಕ್ಕ ಬದಲಾಯಿತು. ಇಪ್ಪತ್ತಡಿ ಫೋಟೋಗಳಲ್ಲಿ ಲೇಟೆಕ್ಸ್ ಇದೆಯೋ ಇಲ್ಲವೋ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಕೈಬಿಟ್ಟು, ನೆರಳನ್ನು ಒಂದು ಹಂತ ಗಾಢ ಮಾಡಿದೆ. ಗೆರೆಗಳ ಸಂಖ್ಯೆ ಮಾತ್ರ ಅಷ್ಟೇ ಇಟ್ಟೆ. ಹಣೆಯ ಮೂಲೆಗಳು ಕೊನೇ ಸಾಲಿನ ತನಕ ಕಂಡವು. ನರೆಗೆ ಕೇಕ್ ಬಣ್ಣದ ಮೇಲೆ ಕಿವಿಯ ಮುಂದೆ ಇನ್ನೊಂದು ಪದರ ಸಾಕಾಯಿತು. ಕೈಗಳನ್ನು ಮರೆಯಬೇಡಿ. ಮೊದಲ ರಿಹರ್ಸಲ್‌ನಲ್ಲಿ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸುವಾಗ 36ರ ಕೈ ಎದ್ದು ಕಂಡಿತು. ಬೆರಳಿನ ಮೂಳೆಗಳ ನಡುವೆ ಅದೇ ಕೆಂಗಂದು ನೆರಳು, ಮೂಳೆಗಳ ಮೇಲೆ ತಿಳಿ ಬಣ್ಣ, ಐದು ನಿಮಿಷದಲ್ಲಿ ಮುಗಿಯಿತು.

ಕೆಲಸದ ಕ್ರಮ ಹೀಗಿಟ್ಟುಕೊಂಡೆ: ಮೊದಲು ಹಣೆಯ ಅಂಚು, ಆಮೇಲೆ ಲೇಟೆಕ್ಸ್, ಆಮೇಲೆ ನೆರಳು, ಕೊನೆಗೆ ನರೆ. ಒಟ್ಟು ಎರಡು ಗಂಟೆ. ಶೂಟಿಂಗಿನ ಎರಡನೇ ದಿನ ಎಡ ಕಿವಿಯ ಮುಂದಿನ ನರೆ ಮೊದಲ ದಿನಕ್ಕಿಂತ ಎತ್ತರಕ್ಕೆ ಹೋಗಿಬಿಟ್ಟಿತ್ತು. ಮೊದಲ ದಿನದ ಫೋಟೋ ಪಕ್ಕದಲ್ಲಿದ್ದ ಕಾರಣ ಬೇಗ ಗೊತ್ತಾಯಿತು. ಒದ್ದೆ ಬಟ್ಟೆಯಲ್ಲಿ ಮೇಲಿನ ಅರ್ಧ ಇಂಚು ಒರೆಸಿ, ಒಣಗಿಸಿ, ಬಾಚಿದೆ. ನರೆ ಶಾಂಪೂವಿಗೆ ಹೋಗುತ್ತದೆ. ಲೇಟೆಕ್ಸನ್ನು ಮಾತ್ರ ಎಳೆದು ಕೀಳಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು, ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಅಂಚಿನಿಂದ ಮೆಲ್ಲಗೆ ಉರುಳಿಸಿ ತೆಗೆಯಿರಿ.